‘ಯೆಸ್ಟರ್‌ಡೇ’ ಇದ್ದಲ್ಲಿ ‘ಹ್ಯಾವ್’ ಏಕೆ ನಿಲ್ಲದು?

ಸಹೋದ್ಯೋಗಿಗಳ ಇಂಗ್ಲಿಷ್ ಇಮೇಲ್‌ಗಳನ್ನು ತಿದ್ದಿಕೊಡುವಾಗ ನನಗೆ ಅತಿ ಹೆಚ್ಚು ಎದುರಾಗುವ ತಪ್ಪು ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂಬುದು. ಬರೆದವರಿಗೆ ಇಂಗ್ಲಿಷ್ ಬಾರದೆಂದು ಇದರ ಅರ್ಥವಲ್ಲ. ಕನ್ನಡದಲ್ಲಿ ‘ನಿನ್ನೆಯೇ ಕಳುಹಿಸಿದ್ದೇನೆ’ ಎಂಬ ವಾಕ್ಯ ಸಂಪೂರ್ಣ ಸರಿಯಾಗಿದೆ. ‘ಕಳುಹಿಸಿ’ಗೆ ‘ಇದ್ದೇನೆ’ ಸೇರಿ ಆದ ಈ ರೂಪಕ್ಕೆ ನಿನ್ನೆ, ಮೊನ್ನೆ, ಹೋದ ವರ್ಷ ಯಾವುದೂ ಅಡ್ಡಿಯಲ್ಲ. ಇಂಗ್ಲಿಷಿನ ‘ಹ್ಯಾವ್ ಸೆಂಟ್’ ನೋಡಲು ಅದರ ಜೋಡಿಯಂತೆಯೇ ಕಂಡರೂ ಅದು ಪ್ರೆಸೆಂಟ್ ಪರ್ಫೆಕ್ಟ್ ಎಂಬ ವರ್ತಮಾನಕಾಲದ ರೂಪ, ಆದ್ದರಿಂದ ಮುಗಿದುಹೋದ ಕಾಲವನ್ನು ಹೆಸರಿಸುವ ಪದ ಅದರ ಜೊತೆಗೆ ಹೊಂದುವುದಿಲ್ಲ.

ಈ ತಪ್ಪನ್ನು ತಿದ್ದಲು ನಾಲ್ಕು ಹಂತಗಳಿವೆ. ಮೊದಲು ವಾಕ್ಯದಲ್ಲಿರುವ ಕಾಲಸೂಚಕ ಪದದ ಅಡಿಯಲ್ಲಿ ಗೆರೆ ಎಳೆಯಿರಿ.

ಎರಡನೆಯದಾಗಿ, ಆ ಪದ ಹೇಳುವ ಅವಧಿ ಮುಗಿದಿದೆಯೇ ಎಂದು ಕೇಳಿಕೊಳ್ಳಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೊ, ಇನ್ 2019 ಇವೆಲ್ಲ ಮುಗಿದ ಅವಧಿಗಳು. ಇವುಗಳ ಜೊತೆ ಸಿಂಪಲ್ ಪಾಸ್ಟ್ ಬಳಸಿ, ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಎನ್ನಿ. ‘ವೆನ್’ ಎಂದು ಆರಂಭವಾಗುವ ಪ್ರಶ್ನೆಗೂ ಇದೇ ಕ್ರಮ: ‘ವೆನ್ ಡಿಡ್ ಯು ಸೆಂಡ್ ಇಟ್?’ ‘ಇತ್ತೀಚೆಗೆ ಮುಗಿದ ಕೆಲಸಕ್ಕೆ ಹ್ಯಾವ್ ಬಳಸಬೇಕು’ ಎಂದು ಕೆಲವು ಅಗ್ಗದ ಗೈಡುಗಳು ಕಲಿಸುವ ಸೂತ್ರವನ್ನು ದಯವಿಟ್ಟು ಮರೆತುಬಿಡಿ. ನಿನ್ನೆ ಸಂಜೆಗಿಂತ ಇತ್ತೀಚಿನದು ಯಾವುದಿದೆ?

ಮೂರನೆಯದಾಗಿ, ಅವಧಿ ಇನ್ನೂ ನಡೆಯುತ್ತಿದ್ದರೆ ‘ಹ್ಯಾವ್’ ಬರಬಹುದು. ‘ಐ ಹ್ಯಾವ್ ಕಾಲ್ಡ್ ಹಿಮ್ ಟ್ವೈಸ್ ದಿಸ್ ಮಾರ್ನಿಂಗ್’ ಎಂಬುದು ಬೆಳಿಗ್ಗೆ ಹನ್ನೊಂದಕ್ಕೆ ಸರಿ. ಸಂಜೆ ನಾಲ್ಕಕ್ಕೆ ಬೆಳಗು ಮುಗಿದಿರುವುದರಿಂದ ‘ಐ ಕಾಲ್ಡ್’ ಆಗಬೇಕು. ‘ಸಿನ್ಸ್ ಮಂಡೇ’ ಎಂಬಲ್ಲಿ ಸೋಮವಾರ ಕಳೆದುಹೋಗಿದ್ದರೂ ಅವಧಿ ಅಲ್ಲಿಂದ ಈ ಹೊತ್ತಿನವರೆಗೆ ಚಾಚಿಕೊಂಡಿರುತ್ತದೆ, ಹಾಗಾಗಿ ಅಲ್ಲಿ ‘ಹ್ಯಾವ್’ ಬೇಕು. ಅಮೆರಿಕನ್ನರು ‘ಐ ಆಲ್ರೆಡಿ ಸೆಂಟ್ ಇಟ್’ ಎನ್ನುವುದನ್ನು ಕೇಳಿ ಗಲಿಬಿಲಿಗೊಳ್ಳಬೇಡಿ. ಆಲ್ರೆಡಿ, ಜಸ್ಟ್, ಯೆಟ್ ಇವುಗಳ ಜೊತೆ ಅವರು ಸಿಂಪಲ್ ಪಾಸ್ಟ್ ಬಳಸುವುದುಂಟು.

ನಾಲ್ಕನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುವುದು, ಏಕೆಂದರೆ ಕಾಲಸೂಚಕ ಪದ ಪ್ರತಿ ವಾಕ್ಯದಲ್ಲೂ ಕಣ್ಣಿಗೆ ಬೀಳುವುದಿಲ್ಲ. ನನ್ನ ಬಳಿ ಬಂದ ಒಂದು ಪತ್ರ ಹೀಗಿತ್ತು: ‘ಐ ಹ್ಯಾವ್ ಸೆಂಟ್ ದ ಕೊಟೇಷನ್ ಆನ್ ಮಂಡೇ. ಐ ಹ್ಯಾವ್ ಕಾಲ್ಡ್ ಯು ಯೆಸ್ಟರ್‌ಡೇ ಈವ್ನಿಂಗ್, ಬಟ್ ಯು ಹ್ಯಾವ್ ನಾಟ್ ಆನ್ಸರ್ಡ್. ಐ ಹ್ಯಾವ್ ನಾಟ್ ರಿಸೀವ್ಡ್ ಎನಿ ರಿಪ್ಲೈ ಸೊ ಫಾರ್.’ ಬರೆದವರು ತಾವೇ ತಿದ್ದಲು ಕುಳಿತು ‘ಐ ಸೆಂಟ್’, ‘ಐ ಕಾಲ್ಡ್’ ಎಂದು ಮಾಡಿ, ‘ಯು ಹ್ಯಾವ್ ನಾಟ್ ಆನ್ಸರ್ಡ್’ ಎಂಬುದನ್ನು ಹಾಗೆಯೇ ಬಿಟ್ಟಿದ್ದರು. ಆ ತುಣುಕಿನಲ್ಲಿ ಕಾಲಸೂಚಕ ಪದ ಇಲ್ಲವೆಂಬುದು ಅವರ ವಾದ. ಆದರೆ ಕರೆಯನ್ನು ಎತ್ತದೇ ಇದ್ದದ್ದು ಕರೆ ಮಾಡಿದ ನಿನ್ನೆ ಸಂಜೆಯೇ. ಹಿಂದಿನ ತುಣುಕಿನ ‘ಯೆಸ್ಟರ್‌ಡೇ ಈವ್ನಿಂಗ್’ ಇಲ್ಲಿಗೂ ಹರಿದು ಬರುತ್ತದೆ, ಆದ್ದರಿಂದ ‘ಯು ಡಿಡ್ ನಾಟ್ ಆನ್ಸರ್’ ಎಂದೇ ಆಗಬೇಕು. ಕೊನೆಯ ವಾಕ್ಯದ ‘ಸೊ ಫಾರ್’ ಈ ಕ್ಷಣದವರೆಗೂ ಬರುವ ಅವಧಿಯಾದ್ದರಿಂದ ಅಲ್ಲಿನ ‘ಹ್ಯಾವ್’ ಮುಟ್ಟಬಾರದು. ಒಂದೊಂದು ಕ್ರಿಯಾಪದದ ಮುಂದೆಯೂ ನಿಂತು ‘ಇದು ಯಾವಾಗ ನಡೆದದ್ದು?’ ಎಂದು ಕೇಳಿಕೊಂಡರೆ ಹಿಂದಿನ ವಾಕ್ಯದಲ್ಲಿ ಅಡಗಿದ ಉತ್ತರ ತಾನಾಗಿ ಸಿಗುತ್ತದೆ.

ತಪ್ಪನ್ನು ತೋರಿಸಿದ ಕೂಡಲೇ ‘ಹ್ಯಾವ್’ ಅಳಿಸಿ ‘ಐ ಹ್ಯಾಡ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದು ಬರೆಯುವುದು ಇನ್ನೊಂದು ಹಳ್ಳ. ಇದೂ ‘ನಿನ್ನೆಯೇ ಕಳುಹಿಸಿದ್ದೆ’ ಎಂಬ ಕನ್ನಡದ ನೆರಳು. ‘ಹ್ಯಾಡ್’ ಬರಬೇಕಾದರೆ ಅದಕ್ಕಿಂತ ಆಮೇಲೆ ನಡೆದ ಮತ್ತೊಂದು ಹಳೆಯ ಘಟನೆ ಬೇಕು: ‘ಐ ಹ್ಯಾಡ್ ಸೆಂಟ್ ಇಟ್ ಬಿಫೋರ್ ಯು ಕಾಲ್ಡ್.’ ಅಂಥ ಎರಡನೆಯ ಘಟನೆ ಪತ್ರದಲ್ಲಿ ಇಲ್ಲದಿದ್ದರೆ ‘ಸೆಂಟ್’ ಒಂದೇ ಸಾಕು.

ಕಳುಹಿಸಿದ ವಿಷಯವೂ ದಿನವೂ ಎರಡೂ ಮುಖ್ಯವಾದಾಗ ವಾಕ್ಯವನ್ನು ಒಡೆಯಿರಿ ಎಂಬುದು ನನ್ನ ಖಡಾಖಂಡಿತ ಸಲಹೆ: ‘ಐ ಹ್ಯಾವ್ ಸೆಂಟ್ ದ ಕೊಟೇಷನ್. ಇಟ್ ವೆಂಟ್ ಔಟ್ ಆನ್ ಮಂಡೇ.’ ಆದರೆ ತಿದ್ದುವ ಉತ್ಸಾಹದಲ್ಲಿ ‘ಹಿ ಮಸ್ಟ್ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’, ‘ಯು ಶುಡ್ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂಬ ವಾಕ್ಯಗಳ ಮೇಲೆ ಗೆರೆ ಎಳೆಯಬೇಡಿ. ಅಲ್ಲಿನ ‘ಹ್ಯಾವ್’ ‘ಮಸ್ಟ್’, ‘ಶುಡ್’ಗಳ ಬೆನ್ನಿಗೆ ಬಂದದ್ದು, ಅದು ಪ್ರೆಸೆಂಟ್ ಪರ್ಫೆಕ್ಟ್ ಅಲ್ಲವೇ ಅಲ್ಲ, ಪಕ್ಕದಲ್ಲಿ ‘ಯೆಸ್ಟರ್‌ಡೇ’ ಇದ್ದರೂ ಆ ವಾಕ್ಯಗಳು ಸರಿಯಾಗಿಯೇ ಇವೆ.