ಮೆಣಸಿನಪುಡಿ ಪ್ಯಾಕೆಟ್ ಮೇಲಿನ ಅಜ್ಜಿ ಯಾರವಳು?

ನಾನು ಹುಬ್ಬಳ್ಳಿಯಲ್ಲಿ ಸಣ್ಣಪುಟ್ಟ ಬ್ರ್ಯಾಂಡ್‌ಗಳಿಗೆ ಡಿಸೈನ್ ಮಾಡಿಕೊಡುತ್ತೇನೆ. ಬ್ಯಾಡಗಿ ಕಡೆಯ ಒಬ್ಬ ಅಕ್ಕ ಮನೆಯಲ್ಲೇ ಖಾರದಪುಡಿ, ಮಸಾಲೆಪುಡಿ ಮಾಡಿ ಮಾರುತ್ತಾರೆ. ಅವರ ಪ್ಯಾಕೆಟ್ ಕೆಲಸ ನನಗೆ ಬಂದಾಗ ಅರ್ಧ ಕೆಲಸ ಮುಗಿದೇ ಇತ್ತು. ಅವರ ಅಳಿಯ ಎಐ ಆ್ಯಪ್‌ನಲ್ಲಿ ಚಿತ್ರ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಒಂದರಲ್ಲಿ ಒರಳಿನ ಮುಂದೆ ನಗುತ್ತಾ ಕೂತ ಅಜ್ಜಿ, ಥೇಟ್ ಫೋಟೋದ ಹಾಗೆ. ಇನ್ನೊಂದರಲ್ಲಿ ಬುಟ್ಟಿ ತುಂಬ ಕೆಂಪು ಮೆಣಸಿನಕಾಯಿ. ಮೂರನೆಯದು ಕಸೂತಿ ಥರದ ಅಂಚು.

"ಕಮರ್ಷಿಯಲ್ ಯೂಸ್ ಓಕೆ ಅಂತ ಆ್ಯಪ್‌ನಾಗ ಬರದೈತ್ರೀ, ಹಂಗೇ ಹಾಕ್ರಿ" ಅಂದ.

ನಾನು ಮೊದಲು ಕೇಳಿದ್ದು, ಯಾವ ಅಕೌಂಟಿನಿಂದ ಮಾಡಿದ್ದು, ಯಾವತ್ತು ಮಾಡಿದ್ದು ಅಂತ. ಫ್ರೀ ಅಕೌಂಟ್ ಅಂದ. ಷರತ್ತುಗಳ ಪುಟ ತೆಗೆದು ಓದಿದೆ. ವ್ಯಾಪಾರಕ್ಕೆ ಬಳಸಬಹುದು ಎಂಬ ಮಾತು ಇತ್ತು, ನಿಜ. ಆದರೆ ಅದು ದುಡ್ಡು ಕೊಟ್ಟ ಪ್ಲಾನ್‌ಗೆ ಮಾತ್ರ. ಫ್ರೀ ಅಕೌಂಟಿನ ಚಿತ್ರಗಳು ಸ್ವಂತ ಬಳಕೆಗೆ ಮಾತ್ರ ಅಂತ ಎರಡು ಪ್ಯಾರಾ ಕೆಳಗೆ ಇತ್ತು. ಇವತ್ತು ಚಂದಾ ಕಟ್ಟಿದರೆ ಹಳೇ ಚಿತ್ರಗಳಿಗೂ ಹಕ್ಕು ಬರುತ್ತದೆ ಅಂತ ಎಲ್ಲೂ ಇರಲಿಲ್ಲ. ಹಾಗಾಗಿ ಆ ಮೂರೂ ಚಿತ್ರಗಳನ್ನು ಬದಿಗಿಟ್ಟೆ.

ಒಂದೊಂದು ಕಡೆ ಒಂದೊಂದು ನಿಯಮ. ಮಿಡ್‌ಜರ್ನಿ ಎಂಬ ಎಐ ಚಿತ್ರದ ಆ್ಯಪ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಕಂಪನಿ ಪ್ರೊ ಅಥವಾ ಮೆಗಾ ಪ್ಲಾನ್‌ನಲ್ಲಿದ್ದರೆ ಮಾತ್ರ ಚಿತ್ರ ಅದರದ್ದಾಗುತ್ತದೆ. ಬೇರೆಯವರ ಚಿತ್ರವನ್ನು ನೀವು ದೊಡ್ಡದು ಮಾಡಿಕೊಂಡರೆ ಅದು ನಿಮ್ಮದಾಗುವುದಿಲ್ಲ. ಷರತ್ತುಗಳು ಬದಲಾಗುತ್ತಲೂ ಇರುತ್ತವೆ. ಅದಕ್ಕೇ ಚಿತ್ರ ಮಾಡಿದ ದಿನವೇ ಆ ಪುಟವನ್ನು ಪಿಡಿಎಫ್ ಮಾಡಿ, ಚಂದಾ ಬಿಲ್, ಎಂಥ ಚಿತ್ರ ಬೇಕೆಂದು ಎಐಗೆ ಬರೆದ ಪ್ರಾಂಪ್ಟ್, ಡೌನ್‌ಲೋಡ್ ಆದ ಮೂಲ ಫೈಲ್, ಎಲ್ಲ ಒಂದೇ ಫೋಲ್ಡರಿನಲ್ಲಿ ಇಡುತ್ತೇನೆ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ಮೂಲ ಅಂತ ಒಪ್ಪುವುದಿಲ್ಲ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುವುದರ ಜೊತೆಗೆ ಫೈಲಿನೊಳಗಿನ ಮಾಹಿತಿಯೂ ಹೋಗಿರುತ್ತದೆ.

ಇಷ್ಟಾದರೂ ಅಜ್ಜಿಯ ತಲೆನೋವು ಮುಗಿಯಲಿಲ್ಲ. ಅಕ್ಕನಿಗೆ ಅಜ್ಜಿಯೇ ಲೋಗೋ ಆಗಬೇಕಿತ್ತು. ಬಳಸಲು ಅನುಮತಿ ಇದೆ ಎಂಬುದು ಒಂದು ಮಾತು, ಇನ್ನೊಬ್ಬರು ಕದ್ದರೆ ತಡೆಯಬಹುದು ಎಂಬುದು ಬೇರೆಯೇ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಅದನ್ನು ಮಾಡಿಸಿದವರೇ ಕರ್ತೃ ಅಂತ 2(ಡಿ)(vi) ಕಲಂ ಹೇಳುತ್ತದೆ. ಒಂದು ಸಾಲು ಪ್ರಾಂಪ್ಟ್ ಬರೆದವರು ಅದರಲ್ಲಿ ಬರುತ್ತಾರೆ ಅಂತ ನಂಬಿ ನಾನು ಲೋಗೋ ಮಾಡುವುದಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿಯಂತೂ 2023ರಲ್ಲಿ ಒಂದು ಕಾಮಿಕ್ ಪುಸ್ತಕದ ಬರಹಕ್ಕೂ ಜೋಡಣೆಗೂ ಕಾಪಿರೈಟ್ ಉಳಿಸಿ, ಮಿಡ್‌ಜರ್ನಿಯಲ್ಲಿ ಮಾಡಿದ ಚಿತ್ರಗಳಿಗೆ ಇಲ್ಲ ಅಂದಿತು. ಅಕ್ಕನ ಪುಡಿ ಅಲ್ಲಿನ ಕನ್ನಡದವರ ಮನೆಗೂ ಪಾರ್ಸೆಲ್ ಹೋಗುತ್ತದೆ.

ನನ್ನ ತೀರ್ಮಾನ ಸರಳ. ಹಬ್ಬದ ಪೋಸ್ಟಿಗೆ, ಹಿನ್ನೆಲೆಗೆ ಎಐ ಚಿತ್ರ ನಡೆಯುತ್ತದೆ. ಹತ್ತು ವರ್ಷ ಉಳಿಯಬೇಕಾದ ಗುರುತಿಗೆ ಬೇಡ.

ಅಷ್ಟರಲ್ಲಿ ಅಕ್ಕನೇ ಬಾಯಿಬಿಟ್ಟರು. ಪುಡಿಯ ಹದ ಅವರ ಅತ್ತೆಯದು, ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ! ಪ್ಯಾಕೆಟ್ ಮೇಲೆ "ನಮ್ಮ ಅಜ್ಜಿಯ ಕೈಹದ" ಅಂತ ಬರೆದು, ಪಕ್ಕದಲ್ಲಿ ಹುಟ್ಟೇ ಇರದ ಅಜ್ಜಿಯ ಫೋಟೋ ಹಾಕಿದರೆ ಅದು ಸುಳ್ಳೇ ಅಲ್ವಾ? ಊರಿಗೆ ಹೋಗಿ ಅತ್ತೆಯ ಫೋಟೋ ತೆಗೆದೆ. ಅವರ ಮುಖ ಬಳಸಲು ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ಎಐ ಅಜ್ಜಿಯ ಚಿತ್ರ ನೋಡಿ ಅವರು, "ಯಾರ ಮನಿಯಾಕಿ ಇಕಿ? ಸೆರಗ ತಲಿಮ್ಯಾಲ ಇಲ್ಲ, ಸೀರಿ ನಮ್ಮ ಕಡೀದಲ್ಲ" ಅಂದರು. ಅವರುಟ್ಟಿದ್ದು ಇಳಕಲ್ ಸೀರೆ, ಕೆಂಪು ಸೆರಗಿನದು. ಫೋಟೋ ಮುಂದಿಟ್ಟುಕೊಂಡು ಕೈಯಿಂದಲೇ ಲೋಗೋ ಬರೆದೆ.

ಲೋಗೋ ನನ್ನದಾಗಿದ್ದರಿಂದ ಅದನ್ನು ಅಕ್ಕನಿಗೆ ಬರೆದುಕೊಡಬೇಕಿತ್ತು. ಇಲ್ಲಿ ಬಹಳ ಡಿಸೈನರ್‌ಗಳು ಎಡವುತ್ತಾರೆ. ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ಹಾಗಾಗಿ "ಕಾಪಿರೈಟ್ ಇರುವಷ್ಟೂ ಕಾಲ, ಎಲ್ಲ ದೇಶಗಳಿಗೆ" ಅಂತ ಬಿಡಿಸಿ ಬರೆದೆ.

ಆಮೇಲೆ ಹುಡುಕಾಟ. ಲೋಗೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದೆ. ಟ್ರೇಡ್‌ಮಾರ್ಕ್ ಇಲಾಖೆಯ ಪಬ್ಲಿಕ್ ಸರ್ಚ್‌ನಲ್ಲಿ ಹೆಸರನ್ನು 30ನೇ ವರ್ಗದಲ್ಲಿ ಹುಡುಕಿದೆ, ಮಸಾಲೆ ಪುಡಿಗಳು ಬರುವುದು ಅಲ್ಲೇ. ಚಿತ್ರ ಹುಡುಕಲು ಲೋಗೋ ಚಿತ್ರಗಳನ್ನು ವಿಂಗಡಿಸುವ ವಿಯೆನ್ನಾ ಕೋಡ್ ಬೇಕು, ಮಹಿಳೆಯರ ಚಿತ್ರಗಳು 02.03ರಿಂದ ಶುರುವಾಗುತ್ತವೆ. ಒಂದು ಮಧ್ಯಾಹ್ನ ಪೂರ್ತಿ ಬರೀ ಅಜ್ಜಿಯರನ್ನು ನೋಡಿದೆ. ಒಂದು ಮಾರ್ಕಿನಲ್ಲಿ ಅಜ್ಜಿ ಒರಳಿನ ಮುಂದೆ ಹೆಚ್ಚುಕಡಿಮೆ ಇದೇ ಭಂಗಿಯಲ್ಲಿ ಕೂತಿದ್ದಳು. ನಾನು ಒರಳು ತೆಗೆದು ಕೈಗೆ ಮೊರ ಕೊಟ್ಟೆ. ಎಐ ಚಿತ್ರಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. "ಅಜ್ಜಿ, ಒರಳು, ಮಸಾಲೆ" ಅಂತ ಯಾರು ಬರೆದರೂ ಹತ್ತಿರಹತ್ತಿರ ಒಂದೇ ಥರದ ಚಿತ್ರ ಬರುತ್ತದೆ.

ಮೆಣಸಿನಕಾಯಿ ಬುಟ್ಟಿಯನ್ನು ಚಂದಾ ಕಟ್ಟಿದ ನನ್ನ ಅಕೌಂಟಿನಲ್ಲಿ ಹೊಸದಾಗಿ ಮಾಡಿದ್ದೆ. ಹಕ್ಕಿನ ತಕರಾರು ಇರಲಿಲ್ಲ. ಅಕ್ಕ ನೋಡಿದ ಕೂಡಲೇ "ಇದು ಗುಂಟೂರದ್ರೀ" ಅಂದರು. ನಿಜ. ಕಾಯಿಗಳೆಲ್ಲ ನುಣ್ಣಗೆ ಹೊಳೆಯುತ್ತಿದ್ದವು. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಗಾಢ ಕೆಂಪು. "ಸುಕ್ಕಾದ ಕಾಯಿ" ಅಂತ ಬರೆದರೆ ಒಣಗಿ ಕಪ್ಪಾದ ಕಾಯಿ ಬಂತು. ಪ್ಯಾಕೆಟ್ ಮೇಲೆ ಬ್ಯಾಡಗಿ ಅಂತ ಬರೆದು ಬೇರೆ ಕಾಯಿಯ ಚಿತ್ರ ತೋರಿಸಿದರೆ ಕೊಳ್ಳುವವರಿಗೆ ತಪ್ಪು ಹೇಳಿದಂತೆ. ಮೂಲೆಯಲ್ಲಿ "ಎಐ ಚಿತ್ರ" ಅಂತ ಸಣ್ಣಕ್ಷರದಲ್ಲಿ ಹಾಕಿದರೂ ಅದು ಸರಿಯಾಗುವುದಿಲ್ಲ. ಅವರ ಅಂಗಳದಲ್ಲೇ ಬ್ಯಾಡಗಿಯ ಡಬ್ಬಿ ತಳಿಯ ಕಾಯಿ ಹರಡಿ ಮೊಬೈಲಿನಲ್ಲಿ ಫೋಟೋ ತೆಗೆದೆ, ಅದೇ ಪ್ರಿಂಟ್ ಆಯಿತು.

ಉಳಿದದ್ದು ಅಂಚಿನ ಅಲಂಕಾರ ಮತ್ತು ಹಬ್ಬದ ಪೋಸ್ಟುಗಳು, ಅವು ಎಐನವೇ, ನನ್ನ ಅಕೌಂಟಿನಲ್ಲಿ ಹೊಸದಾಗಿ ಮಾಡಿದವು. ಅಂಚಿನ ಪಕ್ಕ "ಕಸೂತಿ" ಎಂಬ ಪದ ಹಾಕಬೇಡಿ ಅಂದೆ, ಅದು ಕೈಯಲ್ಲಿ ಹೊಲಿದದ್ದಲ್ಲ. ಪ್ಯಾಕೆಟ್ ಮೇಲೆ ಎಐ ಎಂಬ ಸಾಲು ಹಾಕಲಿಲ್ಲ, ಬರೀ ಬಳ್ಳಿಚಿತ್ರಕ್ಕೆ ಅದು ಬೇಕಿಲ್ಲ ಅನ್ನಿಸಿತು. ಸಂಕ್ರಾಂತಿಗೆ ಮಾಡಿದ ಪೋಸ್ಟಿನಲ್ಲಿ ಮಾತ್ರ ಫೋಟೋದಂತೆ ಕಾಣುವ ಅಂಗಳ, ಜನ ಇದ್ದರು. ಅದಕ್ಕೆ ಇನ್‌ಸ್ಟಾಗ್ರಾಮ್‌ನ ಎಐ ಲೇಬಲ್ ಆನ್ ಮಾಡಿದೆ, ಕೆಳಗೆ "ಎಐನಲ್ಲಿ ಮಾಡಿದ ಚಿತ್ರ" ಅಂತಲೂ ಬರೆದೆ.

ಇದು ಎಐ ಚಿತ್ರ ಅಂತ ಆ್ಯಪ್ ಫೈಲಿನೊಳಗೆ ಹಾಕಿದ ಗುರುತು ನಾನು ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡುವಾಗ ಅಳಿಸಿಹೋಗಿತ್ತು. ಫೈಲಿನೊಳಗಿನ ಮಾಹಿತಿ ಓದಿ ಬರೆಯುವ exiftool ಎಂಬ ತಂತ್ರಾಂಶದಲ್ಲಿ ಹೀಗೆ ನೋಡಿದರೆ ಏನೂ ಬರಲಿಲ್ಲ:

```
exiftool -XMP-iptcExt:DigitalSourceType sankranti.jpg
```

ವಾಪಸ್ ಹೀಗೆ ಬರೆದೆ:

```
exiftool -XMP-iptcExt:DigitalSourceType="http://cv.iptc.org/newscodes/digitalsourcetype/trainedAlgorithmicMedia" sankranti.jpg
```

ಅಂಗಡಿಯ ಸಾಮಾನು ಗೂಗಲ್‌ನಲ್ಲಿ ಕಾಣುವಂತೆ ಮಾಡುವ ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಹಾಕುವ ಎಐ ಚಿತ್ರಗಳಲ್ಲೂ ಇದೇ ಗುರುತು ಇರಬೇಕು. ಅಸಲಿ ಫೋಟೋಗೆ ಎಐ ಭಾಗ ಸೇರಿಸಿದ್ದರೆ ಕೊನೆಯ ಪದ `compositeWithTrainedAlgorithmicMedia` ಆಗುತ್ತದೆ.

ಫೋಲ್ಡರನ್ನು ಅಕ್ಕನಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಯಾವುದು ಕೈಯಲ್ಲಿ ಬರೆದದ್ದು, ಯಾವುದು ಫೋಟೋ, ಯಾವುದು ಎಐ ಅಂತ ಫೈಲಿನ ಹೆಸರಲ್ಲೇ ಬರೆದಿದ್ದೇನೆ. ಟ್ರೇಡ್‌ಮಾರ್ಕ್ ಅರ್ಜಿಗೆ ಅವರು 4,500 ರೂಪಾಯಿ ಕಟ್ಟಿದ್ದು ಕೈಯಲ್ಲಿ ಬರೆದ ಅತ್ತೆಯ ಚಿತ್ರಕ್ಕೆ.