ಬೇವಿನೆಣ್ಣೆ ಸಿಂಪಡಣೆ: ಎಲೆ ಸುಡದ ಹಾಗೆ ನಾನು ಬೆರೆಸೋ ರೀತಿ

ಬೇವಿನೆಣ್ಣೆ ಹೊಡೆದರೆ ಎಲೆ ಸುಡುತ್ತೆ ಅಂತ ತುಂಬಾ ಜನ ಹೇಳ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಎಣ್ಣೆಯದ್ದಲ್ಲ, ಅದು ನೀರಲ್ಲಿ ಸರಿಯಾಗಿ ಬೆರೆತಿರೋದಿಲ್ಲ ಅಷ್ಟೇ. ಬೆರೆಯದ ಎಣ್ಣೆ ಮೇಲೆ ತೇಲುತ್ತೆ. ಮೊದಲು ಬರೀ ನೀರು ಹೋಗಿ, ಕೊನೆಯ ಗಿಡಕ್ಕೆ ಗಟ್ಟಿ ಎಣ್ಣೆ ಬೀಳುತ್ತೆ.

ನನ್ನ ಮೆಣಸಿನ ಗಿಡಗಳ ಚಿಗುರಿಗೆ ಹಸಿರು ಹೇನು ಮುತ್ತಿತ್ತು, ಎಲೆ ಅಡಿಯಲ್ಲಿ ಬಿಳಿ ನೊಣಾನೂ ಇತ್ತು. ಒಂದು ಲೀಟರ್ ನೀರಿಗೆ 5 ಮಿ.ಲೀ. ತಣ್ಣನೆ ಗಾಣದ ಬೇವಿನೆಣ್ಣೆ, 1ರಿಂದ 2 ಮಿ.ಲೀ. ದ್ರವ ಸೋಪು ತಗೊಂಡೆ. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದರೆ ಸುಲಭ, ಕಣ್ಣಂದಾಜು ಬೇಡ. ಮೊದಲು ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಸೋಪು ಹಾಕಿ ಕದಡಿ, ಆಮೇಲೆ ಎಣ್ಣೆಯನ್ನು ಸಣ್ಣಗೆ ಬಿಡುತ್ತಾ ಚೆನ್ನಾಗಿ ಕಲಕಬೇಕು. ಹಾಲಿನ ಹಾಗೆ ಬೆಳ್ಳಗಾದ ಮೇಲೆ ಉಳಿದ ನೀರು. ಐದು ನಿಮಿಷ ಹಾಗೇ ಬಿಟ್ಟು ನೋಡಿ, ಮೇಲೆ ಹಳದಿ ಎಣ್ಣೆ ಉಂಗುರ ಕಂಡರೆ ಬೆರೆತಿಲ್ಲ ಅಂತ, ಇನ್ನೊಂದೆರಡು ಹನಿ ಸೋಪು ಬೇಕು. ಗಡಸು ನೀರಾದರೆ ಸೋಪು ಒಡೆದು ಬಿಳಿ ಕೆನೆ ಕಟ್ಟುತ್ತೆ, ಆಗ ಮಳೆ ನೀರು ಬಳಸೋದೇ ವಾಸಿ. ಬಟ್ಟೆ ಒಗೆಯೋ ಪುಡಿ ಮಾತ್ರ ಬೇಡವೇ ಬೇಡ, ಅದೇ ಎಲೆ ಸುಡುತ್ತೆ.

ಎಲ್ಲಾ ಗಿಡಕ್ಕೂ ಹೊಡೆಯೋ ಮುಂಚೆ ಎರಡು ಮೂರು ಎಲೆಗೆ ಮಾತ್ರ ಹೊಡೆದು ಒಂದೆರಡು ದಿನ ಕಾದೆ. ಹನಿ ನಿಂತ ಕಡೆ, ಎಲೆ ತುದಿಯಲ್ಲಿ, ನೀರು ತುಂಬಿದ ಹಾಗೆ ಕಾಣಿಸಿ ಆಮೇಲೆ ಕಂದು ಬಣ್ಣಕ್ಕೆ ತಿರುಗಿದರೆ ಸುಟ್ಟಿದೆ ಅಂತ. ಎಳೆ ಸಸಿಗೆ ಎಣ್ಣೆ 2–3 ಮಿ.ಲೀ. ಸಾಕು. ಬಾಡಿದ ಗಿಡಕ್ಕೆ ಹೊಡೀಲೇಬೇಡಿ, ಮೊದಲು ನೀರು ಕೊಟ್ಟು ಚೇತರಿಸಿಕೊಳ್ಳಲಿ.

ಹೊಡೆಯೋದು ಸಂಜೆ, ಬಿಸಿಲು ಇಳಿದ ಮೇಲೆ. ಜೇನು ಗೂಡಿಗೆ ಹೋಗಿರುತ್ತೆ, ಎಲೆ ಮೇಲಿನ ಎಣ್ಣೆ ಬಿಸಿಲಿಗೆ ಕಾಯೋದೂ ಇಲ್ಲ. ಮುಖ್ಯವಾಗಿ ಎಲೆ ಅಡಿ ನೆನೆಯಬೇಕು, ಹುಳ ಇರೋದೇ ಅಲ್ಲಿ ಅಲ್ವಾ. ನಡುನಡುವೆ ಬಾಟಲಿ ಕುಲುಕುತ್ತಾ ಇರಿ. ಬೆರೆಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಇಟ್ಟರೆ ಶಕ್ತಿ ಇರೋದಿಲ್ಲ.

ಮಾರನೇ ದಿನವೇ ಹುಳ ಉದುರಲಿಲ್ಲ. ಎಣ್ಣೆ ತಾಗಿದ ಮೆತ್ತನೆ ಹುಳ ಉಸಿರುಕಟ್ಟಿ ಸಾಯುತ್ತೆ, ಉಳಿದವು ಪೊರೆ ಕಳಚಲಾಗದೆ ನಿಧಾನವಾಗಿ ಕಮ್ಮಿಯಾಗುತ್ತವೆ. ಮೊಟ್ಟೆ ಉಳಿಯೋದರಿಂದ ವಾರಕ್ಕೊಂದರಂತೆ ಮೂರು ಸಲವಾದರೂ ಹೊಡೀಬೇಕು. ಎಲೆ ಮೇಲಿನ ಬಿಳಿ ಸಿಪ್ಪೆ ನೋಡಿ ಹೇನು ಸತ್ತಿದೆ ಅಂದುಕೊಳ್ಳಬೇಡಿ, ಅದು ಅವು ಬಿಟ್ಟ ಪೊರೆ ಇರಬಹುದು. ಕಡ್ಡಿಯಿಂದ ಮುಟ್ಟಿದರೆ ಜೀವ ಇದ್ದದ್ದು ಕಾಲಾಡಿಸುತ್ತೆ. ಕಾಂಡದ ಮೇಲೆ ಇರುವೆ ಸಾಲು ಇನ್ನೂ ಓಡಾಡ್ತಿದ್ದರೆ ಮೇಲೆಲ್ಲೋ ಹೇನು ಉಳಿದಿದೆ. ಮುದುಡಿದ ಹಳೇ ಎಲೆ ನೆಟ್ಟಗಾಗಲ್ಲ, ಹೊಸ ಚಿಗುರು ಹೇಗೆ ಬರ್ತಿದೆ ಅಂತ ನೋಡಿ.

ಇನ್ನೊಂದು, ಗಂಧಕ ಹೊಡೆದ ಗಿಡವಾದರೆ ಎರಡು ವಾರ ಬಿಟ್ಟು ಬೇವಿನೆಣ್ಣೆ ಹೊಡೆಯಿರಿ. ಇವೆರಡೂ ಸೇರಿದರೆ ಎಷ್ಟು ಚೆನ್ನಾಗಿ ಬೆರೆಸಿದ್ದರೂ ಎಲೆ ಸುಡುತ್ತೆ.