ಬೇಸ್‌ಲೈನ್ ಪ್ರೋಗ್ರಾಂ ಜೊತೆಗೆ ನರೇಟಿವ್ ಬರೆದದ್ದು: ಕರಾವಳಿಯ ಒಂದು ಸೇತುವೆ

ಉಡುಪಿ ಜಿಲ್ಲೆಯ ನದಿಯೊಂದರ ಮೇಲಿನ ಸೇತುವೆಗೆ ಬೇಸ್‌ಲೈನ್ ಪ್ರೋಗ್ರಾಂ, ಅಂದರೆ ಮುಂದೆ ಎಲ್ಲವನ್ನೂ ಹೋಲಿಸಿ ನೋಡುವ ಮೂಲ ವೇಳಾಪಟ್ಟಿ, ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಾರ್ ಚಾರ್ಟ್ ತಯಾರಿಸುವುದು ದೊಡ್ಡ ಮಾತಲ್ಲ. ಅದರ ಜೊತೆ ಕೊಡಬೇಕಾದ ನರೇಟಿವ್, ಅಂದರೆ ದಿನಾಂಕಗಳ ಹಿಂದಿನ ಕಾರಣ ಹೇಳುವ ವಿವರಣೆ, ಬರೆಯಲು ಕೂತಾಗಲೇ ಯಾವ ದಿನಾಂಕ ಯಾವುದನ್ನು ನಂಬಿ ನಿಂತಿದೆ ಎಂದು ನನಗೂ ಸ್ಪಷ್ಟವಾದದ್ದು.

ನದಿಯೊಳಗೆ ಸೇತುವೆ ಹೊರುವ ಕಂಬಗಳು, ಅಂದರೆ ಪಿಯರ್, ಐದು; ಒಂದೊಂದರ ಅಡಿಪಾಯಕ್ಕೆ ನೆಲದೊಳಗೆ ಆರು ಪೈಲ್, ಒಟ್ಟು 30. ಮಣ್ಣಿನ ಬಂಡ್ ಹಾಕಿ, ಅದರ ಮೇಲೆ ರಿಗ್ ನಿಲ್ಲಿಸಿ ಕೊರೆಯಬೇಕು. ಜೂನ್ ಮೊದಲ ವಾರ ಮಳೆ ಹಿಡಿದರೆ ಬಂಡ್ ಉಳಿಯುವುದಿಲ್ಲ. ಬಂಡ್ ತೆಗೆಯಲು ಒಂದು ವಾರ ಬೇಕು ಎಂದಿಟ್ಟುಕೊಂಡರೆ, ಮೇ 25ರೊಳಗೆ ಐದೂ ಪಿಯರ್ ನೆರೆ ಮಟ್ಟದ ಮೇಲೆ ಬಂದಿರಬೇಕು. ನರೇಟಿವ್‌ನ ಮೊದಲ ಪುಟದಲ್ಲೇ ಇದನ್ನು ಬರೆದೆ, ಏಕೆಂದರೆ ಉಳಿದ ಲೆಕ್ಕವೆಲ್ಲ ಇಲ್ಲಿಂದ ಹಿಂದಕ್ಕೆ ಹೋಗುತ್ತದೆ.

ಅವಧಿಗಳಿಗೆ ಕಾರಣ ಕೊಡುವುದು ಆಮೇಲಿನ ಕೆಲಸ. ಟೆಂಡರ್‌ನಲ್ಲಿ ದಿನಕ್ಕೊಂದು ಪೈಲ್ ಎಂದಿತ್ತು. ನಾನು ಮೂರು ದಿನ ಇಟ್ಟೆ. ಕೇಸಿಂಗ್ ಇಳಿಸಿ ಮಣ್ಣು ಕೊರೆಯಲು ಒಂದು ದಿನ, ಕೆಳಗಿನ ಬಂಡೆಯೊಳಗೆ ಸಾಕೆಟ್ ಮಾಡಲು ಒಂದೂವರೆ ದಿನ, ಕಂಬಿ ಪಂಜರ ಇಳಿಸಿ ಟ್ರೆಮಿ ಕೊಳವೆಯಿಂದ ಕಾಂಕ್ರೀಟ್ ಹಾಕಲು ಅರ್ಧ ದಿನ. ಒಂದು ರಿಗ್‌ಗೆ ಪಿಯರೊಂದಕ್ಕೆ 18 ದಿನ, ಮುಂದಿನ ಪಿಯರ್‌ಗೆ ಸರಿಯಲು ಎರಡು ದಿನ, ಒಟ್ಟು 98 ದಿನ. ಕೊನೆಯ ಪೈಲ್ ಆದಮೇಲೆ ಇಂಟೆಗ್ರಿಟಿ ಪರೀಕ್ಷೆಗೆ 14 ದಿನ ಕಾಯಬೇಕು. ಆಮೇಲೆ ಪೈಲ್‌ಗಳ ತಲೆ ಒಡೆಯುವುದು, ಪೈಲ್ ಕ್ಯಾಪ್, ಪಿಯರ್ ಸೇರಿ 25 ಕೆಲಸದ ದಿನ. ಕಾಯುವ ದಿನಗಳನ್ನು ಏಳು ದಿನದ ಕ್ಯಾಲೆಂಡರಿನಲ್ಲಿ ಇಟ್ಟೆ, ಕಾಂಕ್ರೀಟ್‌ಗೆ ಭಾನುವಾರ ರಜೆ ಇಲ್ಲವಲ್ಲ. ಎರಡು ತಂಡ ಸರದಿಯ ಮೇಲೆ ದುಡಿಯುವ ಪೈಲಿಂಗೂ ಅದರಲ್ಲೇ. ಶಟರಿಂಗ್ ಕೆಲಸಕ್ಕೆ ಆರು ದಿನದ ಕ್ಯಾಲೆಂಡರ್. ಹೀಗೆ ಒಟ್ಟು ಸುಮಾರು 141 ದಿನ. ಡಿಸೆಂಬರ್ 15ಕ್ಕೆ ಪೈಲಿಂಗ್ ಶುರುವಾದರೆ ಮೇ ಮೊದಲ ವಾರಕ್ಕೆ ಮುಗಿಯುತ್ತದೆ.

ಅಂದರೆ ಮಳೆಗೆ ಮೊದಲು ನಮ್ಮ ಕೈಯಲ್ಲಿರುವುದು ಇಪ್ಪತ್ತು ದಿನ. ಇದು ಸಾಫ್ಟ್‌ವೇರ್‌ನಲ್ಲಿ ಎಲ್ಲೂ ಕಾಣುವುದಿಲ್ಲ! ಈ ಪಿಯರ್‌ಗಳು ಯೋಜನೆಯ ಕೊನೆಯ ದಿನವನ್ನು ನಿರ್ಧರಿಸುವ ಕ್ರಿಟಿಕಲ್ ಪಾತ್ ಮೇಲಿದ್ದುದರಿಂದ ಫ್ಲೋಟ್, ಅಂದರೆ ತಡವಾಗಲು ಇರುವ ಬಿಡುವು, ಸೊನ್ನೆ ಎಂದೇ ತೋರಿಸುತ್ತದೆ. ಅದು ನೋಡುವುದು ಯೋಜನೆಯ ಕೊನೆಯನ್ನು, ಜೂನ್ 1ನ್ನಲ್ಲ. ‘ಮೇ 25ಕ್ಕೆ ಮುಗಿಯಲೇಬೇಕು’ ಎಂಬ ದಿನಾಂಕದ ಕಟ್ಟು ಹಾಕಿದ್ದರೂ ಆ ಇಪ್ಪತ್ತು ದಿನ ಕಾಣುತ್ತಿರಲಿಲ್ಲ, ಫ್ಲೋಟ್ ಸೊನ್ನೆಯೇ ಉಳಿಯುತ್ತಿತ್ತು. ಜೊತೆಗೆ ಹಾಗೆ ಮಾಡಿದರೆ ಮೇ ದಾಟಿದ ಕೆಲಸಕ್ಕೆ ನೆಗೆಟಿವ್ ಫ್ಲೋಟ್ ಬರುತ್ತದೆಯೇ ಹೊರತು, ಆ ಕೆಲಸ ನಿಜಕ್ಕೂ ಎಂದಿಗೆ ಆಗುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ನದಿ ಕೆಲಸಗಳಿಗೆ ಬೇರೆ ಕ್ಯಾಲೆಂಡರ್ ಕೊಟ್ಟು, ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕೆಲಸವಿಲ್ಲ ಎಂದು ಗುರುತಿಸಿದೆ. ಇಪ್ಪತ್ತು ದಿನದ ವಿಷಯವನ್ನು ನರೇಟಿವ್‌ನಲ್ಲಿ ಮಾತಿನಲ್ಲೇ ಹೇಳಿದೆ.

ಒಂದು ಕೆಲಸದ ನಂತರ ಇನ್ನೊಂದು ಎಂದು ಜೋಡಿಸುವ ಲಿಂಕ್‌ಗಳನ್ನು ವಿವರಿಸುವಾಗ ಎರಡು ಬಗೆಯನ್ನು ಬೇರೆ ಇಟ್ಟೆ. ಪೈಲ್ ಇಲ್ಲದೆ ಕ್ಯಾಪ್ ಇಲ್ಲ, ಅದನ್ನು ಯಾರೂ ಬದಲಿಸಲಾಗದು. ಮೂರನೇ ಪಿಯರ್ ಆದಮೇಲೆ ನಾಲ್ಕನೆಯದು ಎಂಬುದು ಮಾತ್ರ ಒಂದೇ ರಿಗ್ ಇರುವುದರಿಂದ ಬಂದ ಕ್ರಮ. ಮುಂದೆ ಕ್ರಮ ಬದಲಿಸಬೇಕಾದಾಗ ‘ಬೇಸ್‌ಲೈನ್ ಲಾಜಿಕ್ ಮುರಿದಿರಿ’ ಎಂಬ ತಕರಾರು ಬರದಿರಲಿ ಎಂದು ಇದನ್ನು ಬರೆದೆ.

ಊಹೆಗಳ ಭಾಗದಲ್ಲಿ ‘ಅನುಮತಿಗಳು ಸಕಾಲಕ್ಕೆ ಸಿಗುತ್ತವೆ’ ಎಂಬ ಸಾಲು ಎಷ್ಟೋ ನರೇಟಿವ್‌ಗಳಲ್ಲಿ ನೋಡಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಬರೆದದ್ದು: ನದಿಯಲ್ಲಿ ಬಂಡ್ ಹಾಕುವ ಅನುಮತಿಯನ್ನು ಇಲಾಖೆ ನವೆಂಬರ್ 20ರೊಳಗೆ ಕೊಡಬೇಕು, ಬಂಡ್‌ಗೆ 24 ದಿನ. ಅನುಮತಿ ಒಂದು ತಿಂಗಳು ತಡವಾದರೆ ಕೊನೆಯ ಪಿಯರ್ ಜೂನ್‌ಗೆ ತಾಗುತ್ತದೆ; ಅಕ್ಟೋಬರ್‌ನಲ್ಲಿ ಮತ್ತೆ ಬಂಡ್ ಕಟ್ಟಿ ಮುಗಿಸುವಾಗ ನವೆಂಬರ್ ಬಂದಿರುತ್ತದೆ. ಒಂದು ತಿಂಗಳ ತಡ ಸುಮಾರು ಆರು ತಿಂಗಳಾಗುವುದು ಹೀಗೆ.

ಪರಿಶೀಲನಾ ಸಭೆಯಲ್ಲಿ ಕನ್ಸಲ್ಟೆಂಟ್ ಕಡೆಯ ಹಿರಿಯರು ಒಂದೇ ಪ್ರಶ್ನೆ ಹಿಡಿದರು: "ಇನ್ನೊಂದು ರಿಗ್ ತರಬಹುದಲ್ಲ, ಇಷ್ಟು ಬಿಗಿ ಯಾಕ್ರೀ?"

"ಸರ್, ಬಂಡ್ ಮೇಲೆ ಒಂದೇ ಗಾಡಿ ಹೋಗುವ ದಾರಿ. ಎರಡನೇ ರಿಗ್ ನಿಂತರೆ ಕಾಂಕ್ರೀಟ್ ಮಿಕ್ಸರ್ ಒಳಗೆ ಬರಕ್ಕಾಗಲ್ಲ" ಎಂದೆ.

ಅವರು ಅಷ್ಟಕ್ಕೆ ಬಿಡಲಿಲ್ಲ, ಬಿಡದೇ ಇದ್ದದ್ದೂ ಒಳ್ಳೆಯದೇ ಆಯಿತು. ನಾಲ್ಕನೇ ಪಿಯರ್ ಹತ್ತಿರ ಬಂಡ್ ಅಗಲ ಮಾಡಿ ತಿರುಗಲು ಜಾಗ ಬಿಡುವುದೆಂದು ಸೇರಿಸಿದೆವು. ಲೆಕ್ಕದ ಪ್ರಕಾರ ಫೆಬ್ರವರಿ ಕೊನೆಗೆ 23 ಪೈಲ್ ಆಗಿರಬೇಕು. 18ಕ್ಕಿಂತ ಕಡಿಮೆ ಆಗಿದ್ದರೆ ಗುತ್ತಿಗೆದಾರ ಎರಡನೇ ರಿಗ್ ತರಬೇಕು ಎಂದು ಬರೆದೆವು. ಐದು ಪೈಲ್ ಹಿಂದೆ ಬಿದ್ದರೆ ಹದಿನೈದು ದಿನ ಹೋದಂತೆ, ಇಪ್ಪತ್ತರಲ್ಲಿ ಉಳಿಯುವುದು ಐದೇ. ಆ ತಿದ್ದುಪಡಿಯೊಂದಿಗೆ ಪ್ರೋಗ್ರಾಂಗೆ ಒಪ್ಪಿಗೆ ಸಿಕ್ಕಿತು.